ಒಳಗಿನ ಅಂಗಿ ದೊಡ್ಡದು, ಮೇಲಿನ ಕೋಟು ಚಿಕ್ಕದು

ಎದೆಸುತ್ತು 38 ಇಂಚು ಇರುವ ಒಬ್ಬರು ಆರತಕ್ಷತೆಗೆಂದು ಒಂದು ಶರ್ಟು, ಒಂದು ಕೋಟು ಹೊಲಿಸಿದರು ಎಂದುಕೊಳ್ಳಿ. ಎರಡೂ ಮೈಗೆ ಸರಿಯಾಗಿ ಕೂತಿವೆ, ನೋಡಿದವರೆಲ್ಲ ಫಿಟಿಂಗ್ ಚೆನ್ನಾಗಿದೆ ಎಂದಿದ್ದಾರೆ. ಮನೆಗೆ ಬಂದು ಎರಡನ್ನೂ ಮಂಚದ ಮೇಲೆ ಹಾಸಿ ಟೇಪು ಹಿಡಿದರೆ ಶರ್ಟಿನ ಎದೆಸುತ್ತು 43 ಇಂಚು, ಕೋಟಿನದು 42. ಮೈಗಿಂತ ಶರ್ಟು 5 ಇಂಚು ದೊಡ್ಡದು. ಅದರ ಮೇಲೆ ತೊಡುವ ಕೋಟು ಮಾತ್ರ ಶರ್ಟಿಗಿಂತ ಒಂದು ಇಂಚು ಚಿಕ್ಕದು.

ದರ್ಜಿ ಲೆಕ್ಕ ತಪ್ಪಿಲ್ಲ. ಮಾಮೂಲಿ ಶರ್ಟಿನಲ್ಲೂ ಮಾಮೂಲಿ ಕೋಟಿನಲ್ಲೂ ಸಾಮಾನ್ಯವಾಗಿ ಕಾಣುವ ಅಂಕಿಗಳೇ ಇವು. ಮೈಯ ಅಳತೆಗೂ ಬಟ್ಟೆಯ ಅಳತೆಗೂ ನಡುವೆ ಬೇಕೆಂದೇ ಬಿಡುವ ಅಂತರವನ್ನು ಟೈಲರ್ ಅಂಗಡಿಗಳಲ್ಲಿ ‘ಲೂಸ್ ಬಿಡೋದು’ ಎನ್ನುತ್ತಾರೆ. ಇಲ್ಲಿ ಅದನ್ನು ಸಡಿಲ ಎಂದು ಕರೆಯೋಣ. ಶರ್ಟಿಗೆ ಎಷ್ಟು ಸಡಿಲ ಬೇಕು, ಕೋಟಿಗೆ ಎಷ್ಟು ಸಾಕು, ಒಳಗಿನದು ಹೊರಗಿನದಕ್ಕಿಂತ ದೊಡ್ಡದಾಗಿದ್ದರೂ ಹೇಗೆ ನಡೆಯುತ್ತದೆ ಎಂಬುದು ತಿಳಿದರೆ, ಅಂಗಡಿಯ ಟ್ರಯಲ್ ರೂಮಿನಲ್ಲಿ ಆಗುವ ಅರ್ಧಕ್ಕರ್ಧ ಗೊಂದಲ ಕಳೆಯುತ್ತದೆ.

ಮೈ ಒಂದೇ ಅಳತೆಯಲ್ಲಿ ಇರುವುದಿಲ್ಲ

ದರ್ಜಿ ನಮ್ಮನ್ನು ಅಳೆಯುವುದು ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಡಿಸಿ. ದಿನದಲ್ಲಿ ನಾವು ಹಾಗೆ ನಿಲ್ಲುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಮೈಯ ಅಳತೆ ಬದಲಾಗುತ್ತಲೇ ಇರುತ್ತದೆ.

ಮೊದಲನೆಯದು ಉಸಿರು. ಸೇನೆ, ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ಹೋದವರಿಗೆ ಇದು ಗೊತ್ತು. ಎದೆ ಉಬ್ಬಿಸಿದಾಗ ಸುತ್ತಳತೆ ಕನಿಷ್ಠ 5 ಸೆಂಟಿಮೀಟರ್ ಹೆಚ್ಚಬೇಕು ಎಂಬ ನಿಯಮ ಅಲ್ಲಿದೆ. ಅಂದರೆ ಆರೋಗ್ಯವಂತ ಗಂಡಸು ಪೂರ್ತಿ ಉಸಿರೆಳೆದುಕೊಂಡರೆ ಎದೆ 2 ಇಂಚಿನಷ್ಟು ಹಿಗ್ಗುತ್ತದೆ. ಮೆಟ್ಟಿಲು ಹತ್ತಿ ಏದುಸಿರು ಬಿಡುವಾಗ, ಜೋರಾಗಿ ಸೀನುವಾಗ ಇದರ ಬಹುಪಾಲು ಬಳಕೆಗೆ ಬರುತ್ತದೆ. ನೇಯ್ದ ಹತ್ತಿ ಬಟ್ಟೆ ಹಿಗ್ಗುವುದಿಲ್ಲವಾದ್ದರಿಂದ ಆ 2 ಇಂಚು ಅಂಗಿಯಲ್ಲಿ ಮೊದಲೇ ಇರಬೇಕು.

ಎರಡನೆಯದು ಕೈಯ ಚಲನೆ. ಎರಡೂ ಕೈಗಳನ್ನು ಮುಂದೆ ಚಾಚಿ, ಯಾರನ್ನೋ ತಬ್ಬಿಕೊಳ್ಳುವಂತೆ ಮಡಿಸಿ. ಭುಜದ ಹಿಂದಿನ ಎಲುಬುಗಳು ಒಂದರಿಂದೊಂದು ದೂರ ಸರಿಯುತ್ತವೆ. ಒಂದು ಕಂಕುಳಿನ ಹಿಂಭಾಗದಿಂದ ಇನ್ನೊಂದರವರೆಗೆ ಬೆನ್ನಿನ ಅಗಲವನ್ನು ಕೈ ಇಳಿಬಿಟ್ಟಾಗ ಒಮ್ಮೆ, ತಬ್ಬಿಕೊಂಡಾಗ ಇನ್ನೊಮ್ಮೆ ಮನೆಯವರಿಂದ ಅಳೆಸಿ ನೋಡಿ. ವ್ಯತ್ಯಾಸ ಬೆರಳಿನಗಲದಲ್ಲಿ ಮುಗಿಯುವುದಿಲ್ಲ, ಇಂಚುಗಳಲ್ಲೇ ಇರುತ್ತದೆ. ಇದೇ ಹೊತ್ತಿನಲ್ಲಿ ಎದೆಯ ಮುಂಭಾಗ ಕಿರಿದಾಗುತ್ತದೆ. ಆದ್ದರಿಂದಲೇ ಅನುಭವಿ ಕಟಿಂಗ್ ಮಾಸ್ಟರ್ ಸಡಿಲವನ್ನು ಮುಂದೆ ಹಿಂದೆ ಸಮನಾಗಿ ಹಂಚುವುದಿಲ್ಲ, ಬೆನ್ನಿನ ಕಡೆಗೆ ಒಂದು ಪಾಲು ಹೆಚ್ಚು ಕೊಡುತ್ತಾನೆ. ಶರ್ಟಿನ ಬೆನ್ನಿನಲ್ಲಿ ಯೋಕಿನ ಕೆಳಗೆ ಕಾಣುವ ಪ್ಲೀಟು ಅಲಂಕಾರಕ್ಕೆಂದು ಬಂದದ್ದಲ್ಲ. ಕೈ ಮುಂದಕ್ಕೆ ಹೋದಾಗ ಬಿಚ್ಚಿಕೊಂಡು, ಹಿಂದೆ ಬಂದಾಗ ಮುಚ್ಚಿಕೊಳ್ಳುವ ಬಟ್ಟೆ ಅದು.

ಮೂರನೆಯದು ಕೂರುವುದು. ಕೂತಾಗ ಹೊಟ್ಟೆ ಮತ್ತು ಸೀಟಿನ ಭಾಗ ಅಗಲವಾಗುತ್ತವೆ. ಸ್ವಲ್ಪ ಹೊಟ್ಟೆ ಬಂದವರಲ್ಲಿ ಈ ಬದಲಾವಣೆ ಎದ್ದು ಕಾಣುತ್ತದೆ. ನಿಂತಾಗ ಸರಿಯಾಗಿದ್ದ ಶರ್ಟು ಊಟದ ಪಂಕ್ತಿಯಲ್ಲಿ ಕೂತೊಡನೆ ಕೆಳಗಿನ ಎರಡು ಗುಂಡಿಗಳ ನಡುವೆ ಬಾಯಿ ಬಿಡುವುದು ಇದರಿಂದಲೇ. ಹಾಗಾಗಿ ಹೊಟ್ಟೆಯ ಸುತ್ತಳತೆಯನ್ನು ಕೂತಾಗಲೂ ಒಮ್ಮೆ ತೆಗೆದುಕೊಳ್ಳುವುದು ಲೇಸು.

ಇವೆಲ್ಲ ಮೈ ಅಲುಗಾಡಲು ಬೇಕಾದ ಸಡಿಲ. ಇದರ ಮೇಲೆ ಇನ್ನೊಂದು ಬಗೆಯದಿದೆ, ಅದು ನೋಟಕ್ಕಾಗಿ ಸೇರಿಸುವುದು. ಮೊದಲನೆಯದನ್ನು ಶರೀರ ನಿರ್ಧರಿಸುತ್ತದೆ, ಎರಡನೆಯದನ್ನು ಕಾಲ. 1980ರ ದಶಕದಲ್ಲಿ ಅಗಲ ಭುಜದ, ಜೋಲುವ ಕೋಟುಗಳು ಓಡಿದವು. 2000ದ ನಂತರ ಮೈಗಂಟಿದವು ಬಂದವು. ಈಗ ಮತ್ತೆ ದೊಗಲೆ ಅಂಗಿಗಳ ಸರದಿ. ಈ ಏರಿಳಿತದಲ್ಲಿ ಬದಲಾಗುವುದು ನೋಟದ ಪಾಲು ಮಾತ್ರ. ಉಸಿರಿಗೆ, ಕೈಚಲನೆಗೆ ಬೇಕಾದ ಪಾಲನ್ನು ಯಾವ ಫ್ಯಾಷನ್ನೂ ಕಡಿಮೆ ಮಾಡಲಾರದು. ಕಡಿಮೆ ಮಾಡಿದರೆ ಹೊಲಿಗೆ ಬಿರಿಯುತ್ತದೆ, ಇಲ್ಲವೇ ಹಿಗ್ಗುವ ದಾರ ಬೆರೆಸಿದ ಬಟ್ಟೆ ಬೇಕಾಗುತ್ತದೆ. ಬನಿಯನ್ ಇದಕ್ಕೆ ತಕ್ಕ ಉದಾಹರಣೆ. ಹೆಣೆದ ಬಟ್ಟೆಯಾದ್ದರಿಂದ ಅದು ಮೈಯಷ್ಟೇ, ಕೆಲವೊಮ್ಮೆ ಮೈಗಿಂತ ಚಿಕ್ಕದಾಗಿ ಇದ್ದರೂ ಎಳೆದುಕೊಂಡು ಕೂರುತ್ತದೆ. ಸಡಿಲ ಮಾಡಬೇಕಾದ ಕೆಲಸವನ್ನು ಅಲ್ಲಿ ಬಟ್ಟೆಯ ಹಿಗ್ಗುವಿಕೆ ಮಾಡುತ್ತದೆ.

ಐದು ಇಂಚು ಎಂದರೆ ಎರಡು ಸೆಂಟಿಮೀಟರ್

ಮೈಗಿಂತ 5 ಇಂಚು ದೊಡ್ಡ ಶರ್ಟು ಎಂದರೆ ಗೋಣಿಚೀಲದ ಹಾಗಿರುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಆ 5 ಇಂಚು ಇಡೀ ಸುತ್ತಿಗೆ ಹಂಚಿ ಹೋಗುತ್ತದೆ. ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕವನ್ನೇ ತೆಗೆದುಕೊಳ್ಳಿ. ಸುತ್ತಳತೆಯಲ್ಲಿ ಹೆಚ್ಚಾದದ್ದನ್ನು 6.28ರಿಂದ ಭಾಗಿಸಿದರೆ ಮೈಗೂ ಬಟ್ಟೆಗೂ ನಡುವೆ ಎಲ್ಲ ಕಡೆ ಎಷ್ಟು ಜಾಗ ಸಿಗುತ್ತದೆ ಎಂಬುದು ಬರುತ್ತದೆ. 5 ಇಂಚನ್ನು ಹೀಗೆ ಭಾಗಿಸಿದರೆ ಮುಕ್ಕಾಲು ಇಂಚಿಗಿಂತ ತುಸು ಹೆಚ್ಚು, ಅಂದರೆ ಸುಮಾರು 2 ಸೆಂಟಿಮೀಟರ್. 4 ಇಂಚಿಗೆ 1.6 ಸೆಂಟಿಮೀಟರ್ ಅಷ್ಟೆ. ಸೆಕೆಗಾಲದಲ್ಲಿ ಬೆವರು ಆರಲು ಗಾಳಿ ಓಡಾಡುವುದು ಈ ಎರಡು ಸೆಂಟಿಮೀಟರಿನ ಸಂದಿಯಲ್ಲೇ. ಮೈಗೆ ಅಂಟಿದ ಸ್ಲಿಮ್ ಶರ್ಟು ಮಂಗಳೂರಿನ ಏಪ್ರಿಲಿನಲ್ಲಿ ಹಿಂಸೆಯಾಗುವುದೂ, ಅದೇ ಬಟ್ಟೆಯ ದೊಗಲೆ ಜುಬ್ಬ ಹಾಯೆನಿಸುವುದೂ ಇದೇ ಕಾರಣಕ್ಕೆ.

ಈ ಲೆಕ್ಕವನ್ನು ತಿರುಗಿಸಿದರೆ ಕೋಟಿನ ಗುಟ್ಟು ಸಿಗುತ್ತದೆ. ಬಟ್ಟೆಯ ದಪ್ಪವೂ ಸುತ್ತಳತೆಯನ್ನು ತಿನ್ನುತ್ತದೆ, ಅದೂ ದಪ್ಪದ ಆರು ಪಟ್ಟಿಗಿಂತ ಹೆಚ್ಚು. ಮಾಮೂಲಿ ಶರ್ಟಿನ ಬಟ್ಟೆಯ ದಪ್ಪ ಅರ್ಧ ಮಿಲಿಮೀಟರೂ ಇರುವುದಿಲ್ಲ, ಅದು ತಿನ್ನುವ ಸುತ್ತಳತೆ ಎರಡು ಮೂರು ಮಿಲಿಮೀಟರ್. 4 ಮಿಲಿಮೀಟರ್ ದಪ್ಪದ ಸ್ವೆಟರ್ ಒಂದು ಇಂಚು ತಿನ್ನುತ್ತದೆ. ಒಂದು ಸೆಂಟಿಮೀಟರ್ ದಪ್ಪದ, ಒಳಗೆ ಹತ್ತಿ ತುಂಬಿದಂಥ ಚಳಿ ಜಾಕೆಟು ಎರಡೂವರೆ ಇಂಚನ್ನು ನುಂಗುತ್ತದೆ.

ಕೋಟು ಚಿಕ್ಕದಾದರೂ ಹಿಡಿಯುವುದೇಕೆ

ಈಗ 43 ಇಂಚಿನ ಶರ್ಟು 42 ಇಂಚಿನ ಕೋಟಿನೊಳಗೆ ಹೋಗುವ ಪ್ರಶ್ನೆಗೆ ಬರೋಣ. ಕೋಟಿನೊಳಗೆ ನಿಜವಾಗಿ ಜಾಗ ಹಿಡಿಯುವುದು ಮೈ ಮತ್ತು ಶರ್ಟಿನ ದಪ್ಪ. ಶರ್ಟಿನ ಅಗಲವಲ್ಲ. ಶರ್ಟಿನಲ್ಲಿ ಹೆಚ್ಚಿಗೆ ಇರುವ ಬಟ್ಟೆ ಮೆತ್ತಗಿರುವುದರಿಂದ ಕೋಟು ಒತ್ತಿದೊಡನೆ ಪಕ್ಕಗಳಲ್ಲಿ ಸಣ್ಣ ಮಡಿಕೆಯಾಗಿ ಮಲಗಿಬಿಡುತ್ತದೆ. ಆದ್ದರಿಂದ ಕೋಟಿನ ಸಡಿಲವನ್ನು ಶರ್ಟಿನ ಅಳತೆಯಿಂದ ಎಣಿಸುವುದಿಲ್ಲ, ಮೈಯ ಅಳತೆಯಿಂದಲೇ ಎಣಿಸುತ್ತಾರೆ.

ನಮ್ಮ ಉದಾಹರಣೆಯನ್ನು ಲೆಕ್ಕ ಹಾಕಿ ನೋಡಿ. ಮೈ 38, ಕೋಟು 42, ಸಡಿಲ 4 ಇಂಚು. ಕೋಟಿನ ಉಣ್ಣೆ ಬಟ್ಟೆ, ಒಳಗಿನ ಕ್ಯಾನ್ವಾಸ್, ಲೈನಿಂಗ್ ಸೇರಿ ಎರಡೂವರೆ ಮಿಲಿಮೀಟರ್ ದಪ್ಪವೆಂದಿಟ್ಟುಕೊಂಡರೆ ಕೋಟೇ ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು ತಿನ್ನುತ್ತದೆ. ಶರ್ಟು ತಿನ್ನುವುದು ನೂಲಿನಷ್ಟು. ಉಳಿದದ್ದು 3 ಇಂಚಿನ ಮೇಲೆ. ಪೂರ್ತಿ ಉಸಿರೆಳೆದರೆ 2 ಇಂಚು ಹೋಗುತ್ತದೆ. ಇನ್ನೂ ಒಂದು ಇಂಚಿನ ಮೇಲೆ ಕೈಚಲನೆಗೆ ಉಳಿಯಿತು. ಅಂದರೆ 4 ಇಂಚು ಸಾಕು, ಆದರೆ ಧಾರಾಳವಲ್ಲ. ಇದೇ ಕೋಟಿನೊಳಗೆ ಸ್ವೆಟರ್ ಹಾಕಿದರೆ ಆ ಉಳಿದ ಇಂಚೂ ಮುಗಿದು, ಗುಂಡಿ ಹಾಕಿಕೊಂಡು ಕೈ ಮುಂದೆ ಚಾಚುವುದೇ ಕಷ್ಟವಾಗುತ್ತದೆ.

ಹಾಗಾದರೆ ಶರ್ಟಿಗೂ 4 ಇಂಚೇ ಸಾಕಲ್ಲವೇ ಎಂದು ಕೇಳಬಹುದು. ಸ್ಲಿಮ್ ಫಿಟ್ ಶರ್ಟುಗಳಲ್ಲಿ ಅಷ್ಟೇ ಇರುತ್ತದೆ. ಆದರೆ ಶರ್ಟಿಗೂ ಕೋಟಿಗೂ ಕಟ್ಟುವಿಕೆಯಲ್ಲೇ ವ್ಯತ್ಯಾಸವಿದೆ. ಕೋಟಿನಲ್ಲಿ ಡಾರ್ಟುಗಳಿವೆ, ಪಕ್ಕಕ್ಕೆ ಬೇರೆ ತುಂಡು ಇದೆ, ಉಣ್ಣೆಯನ್ನು ಹಬೆಯಲ್ಲಿ ಇಸ್ತ್ರಿ ಮಾಡಿ ಎದೆಯ ಉಬ್ಬಿಗೆ, ಬೆನ್ನಿನ ಬಾಗಿಗೆ ತಕ್ಕಂತೆ ಬಗ್ಗಿಸಿರುತ್ತಾರೆ. ಮೈಯ ಆಕಾರವೇ ಬಟ್ಟೆಗೆ ಬಂದಿರುವುದರಿಂದ ಕಡಿಮೆ ಸಡಿಲದಲ್ಲಿ ಕೆಲಸ ಸಾಗುತ್ತದೆ. ಕೆಳಗೆ ಅದು ಯಾವುದಕ್ಕೂ ಕಟ್ಟಿಬಿದ್ದಿಲ್ಲ, ಹಿಂದೆ ಸೀಳು ಇದೆ, ಕೂರುವಾಗ ಗುಂಡಿ ಬಿಚ್ಚುವುದು ರೂಢಿ. ನುಣುಪಾದ ಲೈನಿಂಗ್ ಇರುವುದರಿಂದ ಶರ್ಟಿನ ಮೇಲೆ ಜಾರುತ್ತದೆ. ಶರ್ಟಾದರೋ ಬಹುಮಟ್ಟಿಗೆ ಚಪ್ಪಟೆ ತುಂಡುಗಳ ಜೋಡಣೆ. ಕೆಳತುದಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿ ಬೆಲ್ಟು ಬಿಗಿದಿರುತ್ತೇವೆ. ಬಸ್ಸಿನ ಕಂಬಿ ಹಿಡಿಯಲು ಕೈ ಎತ್ತಿದರೆ ಮೇಲಕ್ಕೆ ಹೋಗಲು ಹೆಚ್ಚುವರಿ ಬಟ್ಟೆ ಬೇಕು. ಜೊತೆಗೆ ಕೋಟಿಗಿಲ್ಲದ ಇನ್ನೊಂದು ಪಾಡು ಶರ್ಟಿನದು. ಅದು ವಾರಕ್ಕೊಮ್ಮೆಯಾದರೂ ನೀರಿಗೆ ಬೀಳುತ್ತದೆ.

ಒಳಗಿನದು ದೊಡ್ಡದಿರಬೇಕು ಎಂಬುದಕ್ಕೆ ಕೋಟಿನಲ್ಲೇ ಒಂದು ಸಾಕ್ಷಿಯಿದೆ. ಕೋಟನ್ನು ತಿರುಗಿಸಿ ಲೈನಿಂಗಿನ ಬೆನ್ನು ನೋಡಿ. ನಟ್ಟನಡುವೆ ಮೇಲಿನಿಂದ ಕೆಳಗೆ ಒಂದು ಪ್ಲೀಟು ಕಾಣುತ್ತದೆ. ಲೈನಿಂಗಿನ ಬಟ್ಟೆ ಉಣ್ಣೆಯಷ್ಟು ಜಗ್ಗುವುದಿಲ್ಲ. ಆದ್ದರಿಂದ ಹೊರಗಿನ ಬಟ್ಟೆಗಿಂತ ಅದನ್ನು ಅಗಲವಾಗಿಯೇ ಕತ್ತರಿಸುತ್ತಾರೆ. ಪ್ಲೀಟು ಬಿಡದ ಅಗ್ಗದ ಕೋಟುಗಳಲ್ಲಿ ಮೊದಲು ಹರಿಯುವುದು ಲೈನಿಂಗಿನ ಬೆನ್ನು ಮತ್ತು ಕಂಕುಳು.

ಮಾಮೂಲು ಎಷ್ಟು

ಎದೆಯ ಸುತ್ತಿಗೆ ಶರ್ಟಿನಲ್ಲಿ 3ರಿಂದ 4 ಇಂಚು ಸಡಿಲವಿದ್ದರೆ ಸ್ಲಿಮ್, 5ರಿಂದ 6 ಇದ್ದರೆ ರೆಗ್ಯುಲರ್, 7 ದಾಟಿದರೆ ದೊಗಲೆ ಎನ್ನಬಹುದು. ನಮ್ಮ ಟೈಲರುಗಳು ಬಟ್ಟೆಯ ಮೇಲೆ ಗುರುತು ಹಾಕುವಾಗ ಎದೆಸುತ್ತಿನ ಕಾಲುಭಾಗಕ್ಕೆ ಒಂದೂಕಾಲು ಅಥವಾ ಒಂದೂವರೆ ಇಂಚು ಸೇರಿಸುವುದುಂಟು. ನಾಲ್ಕು ಕಾಲುಭಾಗ ಸೇರಿದರೆ ಅದೇ 5 ಅಥವಾ 6 ಇಂಚಾಗುತ್ತದೆ. ಹೊಲಿಗೆಯ ಮಾರ್ಜಿನ್ ಇದರ ಹೊರಗೆ. ಅದು ಒಳಗೆ ಮಡಿದು ಹೋಗುವ ಬಟ್ಟೆ, ಅದರಿಂದ ಮೈಗೆ ಜಾಗ ಸಿಗುವುದಿಲ್ಲ.

ಹೊಟ್ಟೆಯ ಬಳಿ ಹೆಚ್ಚುಕಡಿಮೆ ಎದೆಗೆ ಬಿಟ್ಟಷ್ಟೇ ಸಡಿಲ ಬೇಕು, ಸೀಟಿನ ಬಳಿ 3ರಿಂದ 4 ಇಂಚು. ತೋಳಿನ ದಪ್ಪ ಭಾಗಕ್ಕೆ ಸ್ಲಿಮ್ ಶರ್ಟಿನಲ್ಲಿ 2 ಇಂಚು, ಮಾಮೂಲಿನಲ್ಲಿ 3 ಅಥವಾ ಮೂರೂವರೆ. ಮುಂಗೈಗಿಂತ ಕಫ್ ಒಂದೂವರೆಯಿಂದ 2 ಇಂಚು ದೊಡ್ಡದಿರಲಿ. ಗಡಿಯಾರ ಕಟ್ಟುವ ಕೈಗೆ ಇನ್ನೊಂದು ಕಾಲು ಇಂಚು ಕೊಡುವ ದರ್ಜಿಗಳಿದ್ದಾರೆ. ಕಾಲರಿಗೆ ಬೇಕಾದದ್ದು ಬರೀ ಅರ್ಧ ಇಂಚು. ಕತ್ತು ಉಸಿರಿನೊಡನೆ ಹಿಗ್ಗುವುದಿಲ್ಲ, ನುಂಗುವಾಗ, ತಲೆ ತಿರುಗಿಸುವಾಗ ತುಸು ಜಾಗ ಸಿಕ್ಕರೆ ಸಾಕು.

ಕೋಟಿಗೆ ಎದೆಯಲ್ಲಿ 3ರಿಂದ 4 ಇಂಚು ಇದ್ದರೆ ಮೈಗೆ ಹತ್ತಿದ ಕಟ್ಟು, 4ರಿಂದ 5 ಇದ್ದರೆ ಮಾಮೂಲು. ಗುಂಡಿ ಹಾಕಿದಾಗ ಸೊಂಟದ ಬಳಿ 3ರಿಂದ 4 ಇಂಚು. ಭುಜದ ಅಗಲದಲ್ಲಿ ಮಾತ್ರ ಸಡಿಲ ಬಹುತೇಕ ಸೊನ್ನೆ, ಹೆಚ್ಚೆಂದರೆ ಅರ್ಧ ಇಂಚು. ಭುಜದಲ್ಲಿರುವುದು ಎಲುಬು, ಅದು ಉಬ್ಬುವುದಿಲ್ಲ, ಕೋಟಿನ ಇಡೀ ಭಾರ ಅಲ್ಲೇ ನೇತಾಡುತ್ತದೆ. ಅಲ್ಲಿ ಸಡಿಲ ಬಿಟ್ಟರೆ ಕೋಟು ಜಾರಿ ತೋಳಿನ ಮೇಲೆ ಕುಳಿ ಬೀಳುತ್ತದೆ. ಎದೆ ದೊಡ್ಡದಾದರೆ ಪಕ್ಕದ ಹೊಲಿಗೆ ಬಿಚ್ಚಿ ಸರಿಮಾಡಬಹುದು, ಭುಜ ದೊಡ್ಡದಾದರೆ ತೋಳು ಕಿತ್ತು ಮತ್ತೆ ಕೂರಿಸಬೇಕು. ಆದ್ದರಿಂದ ರೆಡಿಮೇಡ್ ಕೋಟು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಭುಜ.

ಮೇಲೆ ತೊಡುವ ಬಟ್ಟೆಯೆಂದರೆ ಎಲ್ಲವೂ ಒಂದೇ ಅಲ್ಲ. ತೆಳು ಅಂಗಿಯ ಮೇಲೆ ಹಾಕುವ ಜೀನ್ಸ್ ಬಟ್ಟೆಯ ಜಾಕೆಟಿಗೆ 4ರಿಂದ 6 ಇಂಚು ಸಾಕು. ಸೂಟಿನ ಮೇಲೆ ಹಾಕುವ ಉದ್ದ ಓವರ್‌ಕೋಟಿಗೆ ಮೈಯಿಂದ ಲೆಕ್ಕ ಹಾಕಿದರೆ 6ರಿಂದ 8 ಇಂಚು ಬೇಕು, ಒಳಗಿನ ಕೋಟಿನ ದಪ್ಪವೂ ಅದರಲ್ಲಿ ಸೇರಿದೆ. ಚಳಿ ದೇಶಕ್ಕೆ ಹೊರಟವರು ಬೆಂಗಳೂರಿನಲ್ಲೇ ಟೀ ಶರ್ಟಿನ ಮೇಲೆ ಹಾಕಿ ನೋಡಿ ಜಾಕೆಟು ಕೊಂಡರೆ ಅಲ್ಲಿ ಎಡವುತ್ತಾರೆ. ಅಲ್ಲಿ ಒಳಗೆ ಸ್ವೆಟರ್, ಅದರೊಳಗೆ ಇನ್ನೊಂದು ಪದರ ಇರುತ್ತದೆ. ಜಾಗ ಸಾಲದೆ ಸ್ವೆಟರ್ ಅಮುಕಿಹೋದರೆ ಬರೀ ಬಿಗಿತದ ತೊಂದರೆಯಲ್ಲ, ಬೆಚ್ಚಗೂ ಇರುವುದಿಲ್ಲ. ಚಳಿ ತಡೆಯುವುದು ಎಳೆಗಳ ನಡುವೆ ನಿಂತ ಗಾಳಿ. ಅಮುಕಿದಾಗ ಆ ಗಾಳಿಯೇ ಹೊರಟುಹೋಗುತ್ತದೆ.

ದೊಡ್ಡ ಮಾಡಿದರೆ ಬಿಗಿಯಾಗುವ ಜಾಗ

ಸಡಿಲ ಹೆಚ್ಚಿದಷ್ಟೂ ಆರಾಮ ಎಂಬ ನಿಯಮ ಒಂದು ಜಾಗದಲ್ಲಿ ಪೂರ್ತಿ ತಲೆಕೆಳಗಾಗುತ್ತದೆ. ಅದು ತೋಳು ಬಂದು ಸೇರುವ ಕಂಡಿ, ಅಂದರೆ ಆರ್ಮ್‌ಹೋಲ್.

ಕೈ ಎತ್ತಿದಾಗ ಇಡೀ ಕೋಟೇ ಮೇಲಕ್ಕೆ ಬಂದು ಕಾಲರು ಕಿವಿಗೆ ತಾಗಿದರೆ ನಾವು ‘ಕಂಕುಳಲ್ಲಿ ಟೈಟ್ ಆಗಿದೆ, ಸ್ವಲ್ಪ ಇಳಿಸಿಕೊಡಿ’ ಎನ್ನುತ್ತೇವೆ. ದರ್ಜಿ ಕಂಡಿಯನ್ನು ಇನ್ನೊಂದು ಇಂಚು ಕೆಳಕ್ಕೆ ಕೊರೆದರೆ ತೊಂದರೆ ಹೆಚ್ಚುತ್ತದೆ. ತೋಳೂ ಪಕ್ಕದ ಹೊಲಿಗೆಯೂ ಸೇರುವ ಬಿಂದು ಕಂಕುಳಿಗೆ ಹತ್ತಿರವಿದ್ದರೆ ಕೈ ಎತ್ತಿದಾಗ ಆ ಬಿಂದು ಕೈಯ ಜೊತೆ ತಿರುಗುತ್ತದೆ, ಅಂಗಿಯ ಉಳಿದ ಭಾಗ ನಿಂತಲ್ಲೇ ಇರುತ್ತದೆ. ಆ ಬಿಂದು 3 ಇಂಚು ಕೆಳಗಿದ್ದರೆ ಕೈ ಎತ್ತಲು ತೋಳಿನ ಬಟ್ಟೆ ಸಾಲುವುದಿಲ್ಲ. ಆಗ ಪಕ್ಕದ ಬಟ್ಟೆಯನ್ನು ಎಳೆದುಕೊಂಡೇ ಕೈ ಮೇಲೇಳಬೇಕು. ಹೀಗಾಗಿ ಕಂಕುಳಿನಿಂದ ಸುಮಾರು ಒಂದು ಇಂಚು ಕೆಳಗಿರುವ ಚಿಕ್ಕ ಕಂಡಿಯ ಕೋಟಿನಲ್ಲಿ ಕೈ ಸಲೀಸಾಗಿ ಆಡುತ್ತದೆ. ಎದೆಯಲ್ಲಿ ಇನ್ನೆರಡು ಇಂಚು ಹೆಚ್ಚು ಸಡಿಲವಿದ್ದರೂ ದೊಡ್ಡ ಕಂಡಿಯ ಕೋಟು ಆಡಗೊಡುವುದಿಲ್ಲ. ರೆಡಿಮೇಡ್ ತಯಾರಕರು ಕಂಡಿಯನ್ನು ಆಳವಾಗಿ ಕೊರೆಯಲು ಕಾರಣವಿದೆ. ಬಗೆಬಗೆಯ ಮೈಕಟ್ಟಿನವರೆಲ್ಲ ಒಂದೇ ಕೋಟಿನೊಳಗೆ ತೂರಬೇಕು.

ಜುಬ್ಬ ಹೊಲಿಯುವವರು ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿದ್ದಾರೆ. ಕಂಕುಳಿನಲ್ಲಿ ಚೌಕಾಕಾರದ ಚಿಕ್ಕ ತುಂಡನ್ನು ಕೂರಿಸುತ್ತಾರೆ. ಕೈ ಇಳಿಬಿಟ್ಟಾಗ ಅದು ಮಡಿದಿರುತ್ತದೆ, ಎತ್ತಿದಾಗ ಬಿಚ್ಚಿಕೊಳ್ಳುತ್ತದೆ. ಸಡಿಲವನ್ನು ಸುತ್ತಲೂ ಸುರಿಯದೆ, ಬೇಕಾದ ಜಾಗದಲ್ಲಿ ಮಾತ್ರ ಇಟ್ಟರೆ ಎಷ್ಟು ಕಡಿಮೆ ಬಟ್ಟೆ ಸಾಕಾಗುತ್ತದೆ ಎಂಬುದಕ್ಕೆ ಆ ತುಂಡು ಸಾಕ್ಷಿ. ಲಂಡನ್ನಿನ ಸೆವಿಲ್ ರೋದಲ್ಲಿ ಕಳೆದ ಶತಮಾನದ ಮೊದಲರ್ಧದಲ್ಲಿ ಹೆಸರು ಮಾಡಿದ ಫ್ರೆಡರಿಕ್ ಸ್ಕೋಲ್ಟೆ ಎಂಬ ದರ್ಜಿಯದೂ ಇದೇ ವಿಚಾರ. ಸೇನಾಧಿಕಾರಿಗಳ ಉದ್ದ ಕೋಟುಗಳ ಕಟ್ಟನ್ನು ನೋಡಿ, ಕಂಡಿಯನ್ನು ಚಿಕ್ಕದಾಗಿಸಿ, ಎದೆಯ ಮತ್ತು ಬೆನ್ನಿನ ತೋಳಂಚಿನಲ್ಲಿ ಮಾತ್ರ ಹೆಚ್ಚುವರಿ ಬಟ್ಟೆಯನ್ನು ನೀಳ ಮಡಿಕೆಯಾಗಿ ಬಿಟ್ಟ. ಡ್ಯೂಕ್ ಆಫ್ ವಿಂಡ್ಸರ್ ಅವನ ಪ್ರಸಿದ್ಧ ಗಿರಾಕಿ. ಇಂದಿಗೂ ಒಳ್ಳೆಯ ಕೋಟಿನ ಬೆನ್ನಿನಲ್ಲಿ ತೋಳಿನ ಪಕ್ಕ ಉದ್ದಕ್ಕೆ ಇಳಿಯುವ ಒಂದು ಮೆದು ಮಡಿಕೆ ಕಾಣುತ್ತದೆ. ಫೋಟೋದಲ್ಲಿ ನೀಟಾಗಿ ಕಾಣಲಿ ಎಂದು ಅದನ್ನು ತೆಗೆಸಿದರೆ ಊಟಕ್ಕೆ ಕೈ ಚಾಚಿದಾಗ ಬೆನ್ನು ಬಿಗಿಯುತ್ತದೆ.

ಸಡಿಲ ಕಳೆದುಹೋಗುವ ದಾರಿಗಳು

ಸರಿಯಾಗಿ ಲೆಕ್ಕ ಹಾಕಿದ ಸಡಿಲವೂ ಕೆಲವೊಮ್ಮೆ ಅಂಗಿಯಲ್ಲಿ ಉಳಿಯುವುದಿಲ್ಲ. ಮೊದಲ ಕಾರಣ ನೀರು. ಹತ್ತಿ ಬಟ್ಟೆ ನೂರಕ್ಕೆ 3ರಷ್ಟು ಕುಗ್ಗಿದರೆ ದೊಡ್ಡದೇನಲ್ಲ ಅನ್ನಿಸುತ್ತದೆ. ಆದರೆ 43 ಇಂಚಿನ ಶರ್ಟಿನಲ್ಲಿ ಅದು ಸುಮಾರು ಒಂದೂಕಾಲು ಇಂಚು. ಮೈ ಕುಗ್ಗುವುದಿಲ್ಲವಾದ್ದರಿಂದ ಆ ನಷ್ಟವೆಲ್ಲ 5 ಇಂಚಿನ ಸಡಿಲದ ಮೇಲೇ ಬೀಳುತ್ತದೆ, ಕಾಲುಭಾಗ ಒಂದೇ ಒಗೆತಕ್ಕೆ ಹೋಯಿತು. ರೆಗ್ಯುಲರ್ ಎಂದು ಹೊಲಿಸಿದ್ದು ಸ್ಲಿಮ್ ಆಯಿತು. ಖಾದಿ, ಕೈಮಗ್ಗದ ಬಟ್ಟೆಗಳು ಇದಕ್ಕಿಂತ ಹೆಚ್ಚು ಕುಗ್ಗುವುದರಿಂದ ಕತ್ತರಿಸುವ ಮೊದಲೇ ರಾತ್ರಿಯಿಡೀ ನೆನೆಸಿ ಒಣಗಿಸಿ ಕೊಡುವುದು ಹಳೆಯ ರೂಢಿ. ಅದನ್ನು ಬಿಡಬೇಡಿ.

ಎರಡನೆಯದು ಅಳತೆ ಕೊಡುವ ರೀತಿ. ಟೇಪು ಸುತ್ತಿದೊಡನೆ ಹೊಟ್ಟೆ ಒಳಗೆಳೆದುಕೊಳ್ಳುವುದು ಬಹಳ ಜನರ ಅಭ್ಯಾಸ. ಆಗ ದರ್ಜಿ ಬಿಟ್ಟ ಸಡಿಲವನ್ನು ಉಸಿರು ಬಿಟ್ಟ ಕೂಡಲೇ ಹೊಟ್ಟೆ ತಿನ್ನುತ್ತದೆ. ಇದರ ಉಲ್ಟಾ ತಪ್ಪೂ ಉಂಟು. ಕೆಲವರು ಟೇಪಿನೊಳಗೆ ಎರಡು ಬೆರಳಿಟ್ಟು ಅಳೆಯುತ್ತಾರೆ, ಕತ್ತರಿಸುವವರು ಅದನ್ನು ಬರೀ ಮೈ ಅಳತೆಯೆಂದು ತಿಳಿದು ಮತ್ತೆ ಸಡಿಲ ಸೇರಿಸುತ್ತಾರೆ. ಅಳತೆಗೆಂದು ಹಳೆಯ ಶರ್ಟು ಕೊಟ್ಟಾಗಲೂ ಇದೇ ಆಗಬಹುದು. ಶರ್ಟಿನ 43 ಇಂಚನ್ನು ಚೀಟಿಯಲ್ಲಿ ಬರೀ ‘ಎದೆ 43’ ಎಂದು ಬರೆದರೆ, ಅಳತೆ ತೆಗೆದವರು ಒಬ್ಬರು, ಕತ್ತರಿಸುವವರು ಇನ್ನೊಬ್ಬರು ಆದ ಅಂಗಡಿಯಲ್ಲಿ 48 ಇಂಚಿನ ಅಂಗಿ ತಯಾರಾಗುತ್ತದೆ. ಅಂಕಿಯ ಪಕ್ಕದಲ್ಲಿ ‘ಮೈ’ ಅಥವಾ ‘ಅಂಗಿ’ ಎಂದು ಬರೆಸುವುದೇ ಇದಕ್ಕೆ ಮದ್ದು.

ರೆಡಿಮೇಡ್ ಲೇಬಲ್ಲುಗಳಲ್ಲೂ ಇದೇ ಕಲಬೆರಕೆ. ಸೂಟಿನ ಕೋಟಿನ ಮೇಲೆ 38 ಎಂದಿದ್ದರೆ ಸಾಮಾನ್ಯವಾಗಿ ಅದು 38 ಇಂಚು ಎದೆಯವರಿಗೆ ಎಂದರ್ಥ, ಕೋಟು 42ರ ಸುಮಾರಿಗಿರುತ್ತದೆ. ಶರ್ಟಿನ ಮೇಲಿನ 38, 39, 40, 42 ಎಂಬ ಅಂಕಿಗಳು ಬಹಳಷ್ಟು ಕಂಪನಿಗಳಲ್ಲಿ ಕಾಲರಿನ ಸೆಂಟಿಮೀಟರ್ ಅಳತೆ. ಎದೆಯ ಇಂಚಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಆನ್‌ಲೈನಿನಲ್ಲಿ ಕೊಳ್ಳುವಾಗ ಪಟ್ಟಿಯಲ್ಲಿರುವುದು ಮೈ ಅಳತೆಯೋ ಬಟ್ಟೆಯ ಅಳತೆಯೋ ಎಂದು ಮೊದಲು ನೋಡಬೇಕು. ಬಟ್ಟೆಯ ಅಳತೆಯ ಪಟ್ಟಿಯಲ್ಲಿ ನಿಮ್ಮ ಮೈಯ 38ನ್ನು ಹುಡುಕಿ ಕೊಂಡರೆ ಸಡಿಲ ಸೊನ್ನೆಯಿರುವ ಅಂಗಿ ಮನೆಗೆ ಬರುತ್ತದೆ.

ಬಟ್ಟೆ ತಾನೇ ಹೇಳುತ್ತದೆ

ಸಡಿಲ ಕಡಿಮೆಯಾದಾಗ ಬಟ್ಟೆ ಅಡ್ಡಕ್ಕೆ ಸುಕ್ಕುತ್ತದೆ, ಹೆಚ್ಚಾದಾಗ ಉದ್ದಕ್ಕೆ ಮಡಿಯುತ್ತದೆ. ಇದೊಂದು ಸೂತ್ರ ನೆನಪಿದ್ದರೆ ಕನ್ನಡಿಯಲ್ಲಿ ಬಹುತೇಕ ಎಲ್ಲವೂ ಓದಲು ಬರುತ್ತದೆ. ಕೋಟಿನ ಗುಂಡಿಯಿಂದ ನಾಲ್ಕೂ ಕಡೆಗೆ ಗುಣಿಸುವ ಚಿಹ್ನೆಯಂತೆ ಸುಕ್ಕು ಹರಡಿದರೆ, ಹಿಂದಿನ ಸೀಳು ಬಾಯಿ ಬಿಟ್ಟರೆ ಸೊಂಟದಲ್ಲೋ ಸೀಟಿನಲ್ಲೋ ಜಾಗ ಸಾಲದು. ಬೆನ್ನಿನ ಮೇಲ್ಭಾಗದಲ್ಲಿ ಅಡ್ಡ ಗೆರೆ ಬಿದ್ದರೆ ಬೆನ್ನಿನಗಲ ಕಡಿಮೆ. ಶರ್ಟಿನ ಪಕ್ಕಗಳಲ್ಲಿ ಬಟ್ಟೆ ಬೆಲ್ಟಿನ ಮೇಲೆ ಬುಗ್ಗೆಯಂತೆ ಇಳಿಬಿದ್ದರೆ ಹೊಟ್ಟೆಯ ಬಳಿ ಹೆಚ್ಚಾಗಿದೆ. ಹೆಂಗಸರ ಶರ್ಟುಗಳಲ್ಲಿ ಎದೆಯ ಗುಂಡಿಗಳ ನಡುವೆ ಮಾತ್ರ ಬಾಯಿ ಬಿಟ್ಟು, ಬೆನ್ನು ದೊಗಲೆಯಾಗಿರುವುದು ಸಾಮಾನ್ಯ. ಅಲ್ಲಿ ಒಟ್ಟು ಸಡಿಲ ಸಾಕಷ್ಟಿದೆ, ಇರಬೇಕಾದ ಕಡೆ ಇಲ್ಲ. ಒಂದು ಸೈಜು ದೊಡ್ಡದು ಕೊಂಡರೆ ಬೆನ್ನು ಇನ್ನಷ್ಟು ಜೋಲುತ್ತದೆಯೇ ಹೊರತು ಮುಂಭಾಗ ನೆಟ್ಟಗಾಗುವುದಿಲ್ಲ. ಎದೆಗೆ ಡಾರ್ಟು ಹಾಕಿಸುವುದೇ ಸರಿಯಾದ ದಾರಿ.

ಅಂಗಡಿಯಲ್ಲಿ ಟೇಪು ಇಲ್ಲದೆಯೂ ಅಳೆಯಬಹುದು. ಶರ್ಟಿನ ಗುಂಡಿ ಹಾಕಿ, ನೆಟ್ಟಗೆ ನಿಂತು, ಕಂಕುಳಿನ ಕೆಳಗೆ ಎರಡೂ ಪಕ್ಕದ ಬಟ್ಟೆಯನ್ನು ಒಟ್ಟಿಗೆ ಚಿವುಟಿ ಹಿಡಿಯಿರಿ. ಬೆರಳಿಗೆ ಸಿಕ್ಕ ಮಡಿಕೆ ಒಂದೊಂದು ಕಡೆ ಒಂದೂಕಾಲು ಇಂಚು ಇದ್ದರೆ, ಮಡಿಕೆ ಎರಡು ಪದರ, ಪಕ್ಕಗಳು ಎರಡು, ಒಟ್ಟು 5 ಇಂಚು. ಒಂದು ಇಂಚೂ ಸಿಗದಿದ್ದರೆ ಅದು ಸ್ಲಿಮ್. ಕೋಟಿಗಾದರೆ ಗುಂಡಿ ಹಾಕಿ ಎದೆಯ ಬಳಿ ಅಂಗೈ ಚಪ್ಪಟೆಯಾಗಿ ತೂರಿಸಿ ನೋಡಿ. ಅಂಗೈ ಹೋಗಬೇಕು, ಮುಷ್ಟಿ ಹೋದರೆ ದೊಡ್ಡದು. ಆಮೇಲೆ ಉಸಿರೆಳೆಯಿರಿ, ತಬ್ಬಿಕೊಳ್ಳುವಂತೆ ಕೈ ಮಡಿಸಿ, ಬಸ್ಸಿನ ಕಂಬಿ ಹಿಡಿದಂತೆ ಕೈ ಎತ್ತಿ, ಕುರ್ಚಿಯಿದ್ದರೆ ಕೂತು ನೋಡಿ.

ಇಲ್ಲಿ ಕೊಟ್ಟ ಅಂಕಿಗಳು ಸಾಮಾನ್ಯ ಮೈಕಟ್ಟಿಗೆ, ಸಾಮಾನ್ಯ ರುಚಿಗೆ. ನಿಮ್ಮದೇ ಅಂಕಿ ಬೇಕಿದ್ದರೆ ಅದು ನಿಮ್ಮ ಬೀರುವಿನಲ್ಲೇ ಇದೆ. ನಾಲ್ಕಾರು ಸಲ ಒಗೆದ, ಹಾಕಿಕೊಳ್ಳಲು ನಿಮಗೆ ಎಲ್ಲಕ್ಕಿಂತ ಹಿತವೆನಿಸುವ ಶರ್ಟನ್ನು ಗುಂಡಿ ಹಾಕಿ ಸಮತಟ್ಟಾಗಿ ಹಾಸಿ, ಕಂಕುಳಿನ ಹೊಲಿಗೆಗಿಂತ ಒಂದು ಇಂಚು ಕೆಳಗೆ ಅಡ್ಡಲಾಗಿ ಅಳೆದು, ಬಂದದ್ದನ್ನು ಎರಡರಿಂದ ಗುಣಿಸಿ. ಅದರಿಂದ ನಿಮ್ಮ ಎದೆಸುತ್ತು ಕಳೆಯಿರಿ. ಹೊಟ್ಟೆಗೂ ತೋಳಿಗೂ ಹೀಗೇ ಮಾಡಿ. ಒಂದು ಒಳ್ಳೆಯ ಕೋಟಿದ್ದರೆ ಅದಕ್ಕೂ ಬೇರೆಯಾಗಿ ಲೆಕ್ಕ ಹಾಕಿಕೊಳ್ಳಿ, ಏಕೆಂದರೆ ಶರ್ಟಿನ ಅಂಕಿ ಕೋಟಿಗೆ ಹೊಂದುವುದಿಲ್ಲ. ಮುಂದೆ ಮೈ ದಪ್ಪವಾಗಲಿ, ಸಣ್ಣಗಾಗಲಿ, ಬದಲಾಗುವುದು ಮೈಯ ಅಳತೆ. ಅದಕ್ಕೆ ಸೇರಿಸಬೇಕಾದ ಈ ಸಂಖ್ಯೆಗಳು ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ‘ಸ್ವಲ್ಪ ಲೂಸ್ ಇರಲಿ’ ಎನ್ನುವ ಬದಲು ‘ಮೈ 38, ಎದೆಗೆ 5 ಬಿಡಿ, ತೋಳಿಗೆ 3’ ಎಂದರೆ ದರ್ಜಿಯೂ ಊಹೆ ಮಾಡಬೇಕಾಗಿಲ್ಲ.